ಕವಾಸಾಕಿಯ ಮಗುವಿಗೆ ಆಸ್ಪಿರಿನ್: ಬೇಡ ಅಂದವರ ನಡುವೆ ನಾವು ಕೊಡುವ ಕ್ರಮ

ಕಾಸರಗೋಡಿನಲ್ಲಿ ಮಗುವಿಗೆ ಆಸ್ಪಿರಿನ್ ಬರೆದರೆ ಮೆಡಿಕಲ್‌ನಿಂದ ಫೋನ್ ಬರುವುದು ಮಾಮೂಲು. ಅವರ ಹೆದರಿಕೆ ಸುಳ್ಳಲ್ಲ. ಫ್ಲೂ ಅಥವಾ ಚಿಕನ್‌ಪಾಕ್ಸ್ ಇರುವಾಗ ಕೊಟ್ಟರೆ ಲಿವರನ್ನೂ ಮೆದುಳನ್ನೂ ಕೆಡಿಸುವ ರೈ ಸಿಂಡ್ರೋಮ್ ಬರಬಹುದು. ಮಕ್ಕಳ ರಕ್ತನಾಳಗಳಲ್ಲಿ ಉರಿಯೂತ ತರುವ ಕವಾಸಾಕಿ ಕಾಯಿಲೆಯಲ್ಲಿ ಲೆಕ್ಕ ಬೇರೆ: ಚಿಕಿತ್ಸೆಯಿಲ್ಲದಿದ್ದರೆ ಸುಮಾರು ನಾಲ್ಕರಲ್ಲಿ ಒಂದು ಮಗುವಿಗೆ ಹೃದಯದ ರಕ್ತನಾಳ ಉಬ್ಬುತ್ತದೆ. ಹತ್ತು ದಿನದೊಳಗೆ ಐವಿಐಜಿ, ಅಂದರೆ ದಾನಿಗಳ ರಕ್ತದಿಂದ ತೆಗೆದ ಪ್ರತಿಕಾಯಗಳ ಡ್ರಿಪ್, ಹೋದರೆ ಅದು ನೂರಕ್ಕೆ ನಾಲ್ಕೈದಕ್ಕೆ ಇಳಿಯುತ್ತದೆ.

ನಾಳವನ್ನು ಕಾಯುವುದು ಐವಿಐಜಿಯೇ. ಆಸ್ಪಿರಿನ್ ಜಾಸ್ತಿ ಮಾಡಿದರೆ ಉಬ್ಬು ಕಡಿಮೆಯಾಗುವುದಿಲ್ಲ. ದೊಡ್ಡ ಡೋಸ್ ಜ್ವರ ಮತ್ತು ಉರಿಯೂತಕ್ಕೆ, ಅದೂ ಕೆಲವೇ ದಿನ. ಆಮೇಲಿನ ಚಿಕ್ಕ ಡೋಸ್, ಎರಡು-ಮೂರನೇ ವಾರದಲ್ಲಿ ಪ್ಲೇಟ್‌ಲೆಟ್ ಏರುವಾಗ ರಕ್ತ ಹೆಪ್ಪುಗಟ್ಟದಿರಲಿ ಎಂದು. ಹಾಗಾಗಿ ಕಿಲೋಗೆ ದಿನಕ್ಕೆ 80–100 ಮಿಗ್ರಾಂ ಎಂಬ ಅಮೆರಿಕದ ಹಳೆಯ ಕ್ರಮ ಬಿಟ್ಟು ನಾವು 30–50ರಲ್ಲೇ ನಿಂತಿದ್ದೇವೆ. ವಾಂತಿ ಕಡಿಮೆ, ಜ್ವರ ಇಳಿಯುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ.

12 ಕಿಲೋದ ಮಗು, ಜ್ವರಕ್ಕೆ ಆರು ದಿನ, ಕೀವಿಲ್ಲದ ಕೆಂಪು ಕಣ್ಣು, ಒಡೆದ ತುಟಿ, ಮೈಮೇಲೆ ದದ್ದು, ಊದಿದ ಅಂಗೈ ಅನ್ನಿ. ಐವಿಐಜಿ ಕಿಲೋಗೆ 2 ಗ್ರಾಂ, ಅಂದರೆ 24 ಗ್ರಾಂ. ಐದು ಗ್ರಾಮಿನ ಐದು ಬಾಟಲಿ ಒಡೆದ ಮೇಲೆ ಉಳಿದ ಒಂದು ಗ್ರಾಂ ಚೆಲ್ಲುವುದೇಕೆ, ಪೂರ್ತಿ ಹಾಕುತ್ತೇವೆ. ಬಾಟಲಿಗೆ ಹತ್ತು ಸಾವಿರದ ಆಸುಪಾಸು, ಬ್ರಾಂಡಿನ ಮೇಲೆ ಹೆಚ್ಚು-ಕಡಿಮೆ. ಮನೆಯವರಿಗೆ ಮೊದಲೇ ಹೇಳಬೇಕು. ನಿಧಾನ ಶುರುಮಾಡಿ 10–12 ಗಂಟೆ ಬಿಡುತ್ತೇವೆ. ಜೊತೆಗೆ ಆಸ್ಪಿರಿನ್ 120 ಮಿಗ್ರಾಂ, ದಿನಕ್ಕೆ ನಾಲ್ಕು ಸಲ. ಜ್ವರ ಬಿಟ್ಟು 48 ಗಂಟೆ ದಾಟಿದ ಮೇಲೆ ಕೋಟಿಂಗ್ ಇಲ್ಲದ 75ರ ಮಾತ್ರೆ ಅರ್ಧ, ದಿನಕ್ಕೊಮ್ಮೆ, ಆರೇಳು ವಾರ. ಅದನ್ನು ಮಗುವಿನ ಗಂಟಲಿಗೆ ಇಳಿಸುವ ಉಪಾಯ ನಮ್ಮ ಸಿಸ್ಟರ್‌ದು, ಬಿಟ್ಟುಕೊಡುವುದಿಲ್ಲ.

ಮಳೆಗಾಲದಲ್ಲಿ ಇಲ್ಲಿ ದೊಡ್ಡ ತಲೆನೋವು ಡೆಂಗಿ. ಪ್ಲೇಟ್‌ಲೆಟ್ ಇಳಿಯುತ್ತಿದ್ದರೆ ಡೆಂಗಿ ಅಲ್ಲವೆಂದು ಖಚಿತವಾಗುವವರೆಗೆ ಆಸ್ಪಿರಿನ್ ಮುಟ್ಟುವುದಿಲ್ಲ. ಉರಿಯೂತ ಅಳೆಯುವ ರಕ್ತಪರೀಕ್ಷೆಗಳಲ್ಲಿ ಇಎಸ್‌ಆರ್ ಐವಿಐಜಿ ಹೋದ ಮೇಲೆ ತಾನಾಗಿ ಏರುತ್ತದೆ, ಅದನ್ನು ನೋಡಿ ಗಾಬರಿಯಾಗಬೇಡಿ, ಸಿಆರ್‌ಪಿ ನೋಡಿ. ಡ್ರಿಪ್ ಮುಗಿದು 36 ಗಂಟೆಯಾದ ಮೇಲೂ ಜ್ವರವಿದ್ದರೆ ಔಷಧ ಹಿಡಿದಿಲ್ಲವೆಂದೇ ಲೆಕ್ಕ. ಎರಡನೇ ಐವಿಐಜಿಯೋ ಸ್ಟಿರಾಯ್ಡೋ ಎಂದು ಮಂಗಳೂರಿನ ಹೃದಯತಜ್ಞರ ಜೊತೆ ಅಂದೇ ಮಾತಾಡುತ್ತೇವೆ.

ಮನೆಗೆ ಹೋದ ಮೇಲೆ ಕೆಡುವುದು ಐಬುಪ್ರೊಫೆನ್ ಸಿರಪ್‌ನಿಂದ. ಅದು ಆಸ್ಪಿರಿನ್ನಿನ ಪ್ಲೇಟ್‌ಲೆಟ್ ಕೆಲಸಕ್ಕೆ ಅಡ್ಡ ಬರುತ್ತದೆ, ಜ್ವರ ಬಂದರೆ ಪ್ಯಾರಾಸಿಟಮಾಲ್ ಸಾಕು. ಫ್ಲೂ ಅಥವಾ ಚಿಕನ್‌ಪಾಕ್ಸ್ ಸೋಂಕಿದೆ ಅನ್ನಿಸಿದರೆ ಅಂದೇ ನಮಗೆ ತಿಳಿಸಲಿ, ಆಸ್ಪಿರಿನ್ ನಿಲ್ಲಿಸಿ ಬೇರೆ ದಾರಿ ನೋಡುತ್ತೇವೆ. ಎಂಎಂಆರ್ ಮತ್ತು ಚಿಕನ್‌ಪಾಕ್ಸ್ ಲಸಿಕೆ 11 ತಿಂಗಳು ಮುಂದಕ್ಕೆ. ಇದನ್ನು ಲಸಿಕೆ ಕಾರ್ಡಿನ ಮೇಲೆಯೇ ಕೆಂಪು ಶಾಯಿಯಲ್ಲಿ ಬರೆದು ಕಳಿಸುತ್ತೇವೆ.