ಎಂಟು ವರ್ಷದ ಬೀಗ: ಹಳೇ ಬಿಲ್ಲುಗಳಿಗೆ ಆಬ್ಜೆಕ್ಟ್ ಲಾಕ್ ಹಾಕಿದ ಅನುಭವ

ಬೆಳಗಾವಿಯ ಒಂದು ಫೌಂಡ್ರಿ ಕಂಪನಿಯಲ್ಲಿ ಕಂಪ್ಯೂಟರ್ ಕೆಲಸವೆಲ್ಲ ನನ್ನ ತಲೆ ಮೇಲಿದೆ. ಪ್ರಿಂಟರ್ ಕೆಟ್ಟರೂ ನಾನೇ, ಸರ್ವರ್ ಕೆಟ್ಟರೂ ನಾನೇ. 2023ರಲ್ಲಿ ತೆರಿಗೆ ಇಲಾಖೆಯಿಂದ ಒಂದು ನೋಟಿಸ್ ಬಂತು. 2018-19ರ ಕೆಲವು ಬಿಲ್ಲುಗಳ ಪ್ರತಿ ಕೇಳಿದ್ದರು. ಆಫೀಸಿನ ನಾಸ್ ಡಬ್ಬಿಯಲ್ಲಿ ಪಿಡಿಎಫ್‌ಗಳು ಇದ್ದವು. ಖುಷಿಯಿಂದ ಪ್ರಿಂಟ್ ತೆಗೆದು ಆಡಿಟರ್ ಕೈಗೆ ಕೊಟ್ಟೆ.

ಅವರು ಕನ್ನಡಕ ಏರಿಸಿ ನೋಡಿದರು. ಬಿಲ್ಲಿನ ಮೇಲೆ ನಮ್ಮ ಹೊಸ ಆಫೀಸಿನ ವಿಳಾಸ ಇತ್ತು. ಆ ಜಾಗಕ್ಕೆ ನಾವು ಹೋಗಿದ್ದೇ 2021ರಲ್ಲಿ. ಯಾರೋ ಹಳೇ ಪಿಡಿಎಫ್ ಸಿಗದೆ ಅಕೌಂಟಿಂಗ್ ಸಾಫ್ಟ್‌ವೇರ್‌ನಿಂದ ಮತ್ತೆ ಪ್ರಿಂಟ್ ಹೊಡೆದು ಅದೇ ಹೆಸರಲ್ಲಿ ಸೇವ್ ಮಾಡಿದ್ದರು. ಸಾಫ್ಟ್‌ವೇರ್ ಇವತ್ತಿನ ವಿಳಾಸವನ್ನೇ ಹಾಕಿ ಕೊಟ್ಟಿತ್ತು. ಮೋಸ ಯಾರದ್ದೂ ಇಲ್ಲ. ಆದರೂ ಆಡಿಟರ್ ಕೇಳಿದ್ದು ಇಷ್ಟೇ: "ಇದು ಆಗಿನ ಬಿಲ್ಲೇ ಅನ್ನೋದಕ್ಕ ಏನ್ ಗ್ಯಾರಂಟಿ ರೀ?" ನನ್ನ ಹತ್ತಿರ ಉತ್ತರ ಇರಲಿಲ್ಲ.

ಒಮ್ಮೆ ಬರೆದ ಮೇಲೆ ಓದಬಹುದು, ತಿದ್ದಲಾಗದು, ಅಳಿಸಲಾಗದು. ಇಂಥ ಸಂಗ್ರಹಕ್ಕೆ ವರ್ಮ್ ಅನ್ನುತ್ತಾರೆ. ನಾನು ಆರಿಸಿಕೊಂಡಿದ್ದು ಅಮೆಜಾನ್‌ನ ಕ್ಲೌಡ್ ಸೇವೆ ಎಡಬ್ಲ್ಯುಎಸ್‌ನಲ್ಲಿ, ಫೈಲು ಇಡುವ ಎಸ್3ಯಲ್ಲಿರುವ ಆಬ್ಜೆಕ್ಟ್ ಲಾಕ್. ಜಾಗ ಮುಂಬೈ ರೀಜನ್, ಯಾಕೆಂದರೆ ಲೆಕ್ಕಪತ್ರದ ಬ್ಯಾಕಪ್ ಭಾರತದೊಳಗಿನ ಸರ್ವರ್‌ನಲ್ಲೇ ಇರಬೇಕು ಅಂತ ಕಂಪನಿ ಕಾಯ್ದೆಯ ನಿಯಮ ಇದೆ.

ಇದರಲ್ಲಿ ಎರಡು ಥರದ ಬೀಗ. ಗವರ್ನೆನ್ಸ್ ಮೋಡ್‌ನಲ್ಲಿ ವಿಶೇಷ ಅನುಮತಿ ಇದ್ದವರು ಬೀಗ ತೆಗೆಯಬಹುದು. ಕಂಪ್ಲಯನ್ಸ್ ಮೋಡ್‌ನಲ್ಲಿ ಯಾರೂ ತೆಗೆಯಲಾಗದು, ಅಕೌಂಟಿನ ರೂಟ್ ಯೂಸರ್ ಕೂಡ. ಅವಧಿ ಹೆಚ್ಚಿಸಬಹುದು, ಕಡಿಮೆ ಮಾಡುವಂತಿಲ್ಲ. ಆಡಿಟರ್ ಪ್ರಶ್ನೆಗೆ ಉತ್ತರ ಕೊಡಬೇಕಾದರೆ ಎರಡನೆಯದೇ ಸರಿ. ಮೊದಲನೆಯದರಲ್ಲಿ ಕೀಲಿ ನನ್ನ ಜೇಬಿನಲ್ಲೇ ಇರುತ್ತದಲ್ಲ!

ಇಲ್ಲಿ ನಾನು ಆತುರ ಬಿದ್ದೆ. 2023ರ ನವೆಂಬರ್‌ನಲ್ಲಿ ಎಸ್3ಯಲ್ಲಿ ಫೈಲು ತುಂಬಿಡುವ ಒಂದು ಬಕೆಟ್ ಮಾಡಿದೆ. ಅದಕ್ಕೆ ಡೀಫಾಲ್ಟ್ ಆಗಿ ಕಂಪ್ಲಯನ್ಸ್, 8 ವರ್ಷ ಅಂತ ಹಾಕಿದೆ. ಅಲ್ಲಿಗೆ ಸುಮ್ನೆ ಇರದೆ, ರಾತ್ರಿ ಓಡುವ ಬ್ಯಾಕಪ್ ಸ್ಕ್ರಿಪ್ಟನ್ನೂ ಅದೇ ಬಕೆಟ್ ಕಡೆ ತಿರುಗಿಸಿದೆ. ದಿನಾ 6 ಜಿಬಿ ಫೈಲು, ದಿನಾ ಅದೇ ಹೆಸರು. ಎಡಬ್ಲ್ಯುಎಸ್‌ನ ವೆಬ್ ಕನ್ಸೋಲ್ ತೆರೆದರೆ ಒಂದೇ ಫೈಲು, 6 ಜಿಬಿ. ಎಲ್ಲ ಸರಿಯಾಗಿದೆ ಅಂದುಕೊಂಡೆ.

ಡಿಸೆಂಬರ್ ಕೊನೆಯಲ್ಲಿ ಬಕೆಟ್‌ನ ಒಟ್ಟು ಗಾತ್ರ ನೋಡಿದರೆ ಸುಮಾರು 246 ಜಿಬಿ ತೋರಿಸುತ್ತಿತ್ತು. ತಲೆ ಕೆರೆದುಕೊಂಡೆ. ಆಮೇಲೆ ಹೊಳೆಯಿತು. ಆಬ್ಜೆಕ್ಟ್ ಲಾಕ್ ಇದ್ದರೆ ವರ್ಷನಿಂಗ್ ಇರಲೇಬೇಕು, ನಿಲ್ಲಿಸಲಾಗದು. ಅದೇ ಹೆಸರಿನ ಮೇಲೆ ಮತ್ತೆ ಬರೆದರೆ ಹಳೆಯದು ಹೋಗುವುದಿಲ್ಲ, ಹಿಂದೆ ಸರಿದು ಕೂರುತ್ತದೆ. ಬೀಗ ಬೀಳುವುದು ಹೆಸರಿಗಲ್ಲ, ಒಂದೊಂದು ವರ್ಷನ್‌ಗೆ. 41 ರಾತ್ರಿ, 41 ವರ್ಷನ್, ಒಂದೊಂದಕ್ಕೂ 8 ವರ್ಷದ ಬೀಗ. ಕನ್ಸೋಲ್‌ನಲ್ಲಿ `Show versions` ಒತ್ತಿದಾಗ ಸಾಲುಗಟ್ಟಿ ನಿಂತಿದ್ದವು.

ಅಳಿಸಲು ನೋಡಿದೆ, ಆಗಲಿಲ್ಲ. ಆಗಬಾರದು ಅಂತಲೇ ಅಲ್ವಾ ಹಾಕಿದ್ದು! ಉಳಿದ ದಾರಿ ಒಂದೇ. ಬೀಗ ಇದ್ದರೂ ಅಗ್ಗದ ಸ್ಟೋರೇಜ್ ಕ್ಲಾಸ್‌ಗೆ ಕಳಿಸಲು ಅಡ್ಡಿ ಇಲ್ಲ. ಲೈಫ್‌ಸೈಕಲ್ ನಿಯಮ ಹಾಕಿ ಹಿಂದಿನ ವರ್ಷನ್‌ಗಳನ್ನೆಲ್ಲ ಗ್ಲೇಸಿಯರ್ ಡೀಪ್ ಆರ್ಕೈವ್‌ಗೆ ತಳ್ಳಿದೆ. ರಾತ್ರಿ ಬ್ಯಾಕಪ್ ಬೇರೆ ಮಾಮೂಲಿ ಬಕೆಟ್‌ಗೆ ಹೋಯಿತು. ದಿನಾ ಬದಲಾಗುವ ಬ್ಯಾಕಪ್ ಬೇರೆ, ವರ್ಷಗಟ್ಟಲೆ ಕಾಯಬೇಕಾದ ದಾಖಲೆ ಬೇರೆ. ಎರಡನ್ನೂ ಒಂದೇ ಕಡೆ ಸುರಿದಿದ್ದು ನನ್ನ ತಪ್ಪು.

ಎರಡನೇ ಸಲ ಕೂತಾಗ ಮೊದಲು ಮಾಡಿದ್ದು ತಾರೀಖಿನ ಲೆಕ್ಕ. ಕಂಪನಿ ಕಾಯ್ದೆಯ 128ನೇ ಸೆಕ್ಷನ್ ಪ್ರಕಾರ ಹಿಂದಿನ ಎಂಟು ಹಣಕಾಸು ವರ್ಷಗಳ ಲೆಕ್ಕ ಇರಬೇಕು. ಅಂದರೆ 2022-23ರ ದಾಖಲೆ 2031ರ ಮಾರ್ಚ್ 31ರವರೆಗೆ. ಜಿಎಸ್‌ಟಿ ಲೆಕ್ಕ ಬೇರೆ. ವಾರ್ಷಿಕ ರಿಟರ್ನ್‌ನ ಕೊನೇ ತಾರೀಖಿನಿಂದ 72 ತಿಂಗಳು. 2022-23ಕ್ಕೆ ಆ ಕೊನೇ ತಾರೀಖು 2023ರ ಡಿಸೆಂಬರ್ 31, ಹಾಗಾಗಿ 2029ರ ಡಿಸೆಂಬರ್ 31ಕ್ಕೆ ಮುಗಿಯುತ್ತದೆ. ಎರಡರಲ್ಲಿ ದೂರದ್ದು ಹಿಡಿದೆವು.

ಡೀಫಾಲ್ಟ್ ಅವಧಿ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಅದು ಎಣಿಸುವುದು ಅಪ್‌ಲೋಡ್ ಆದ ದಿನದಿಂದ. ನಮ್ಮಲ್ಲಿ 2016-17ರ ಹಳೇ ಕಡತವೂ ಇತ್ತು. ಅದನ್ನು 2025ರ ಮಾರ್ಚ್‌ವರೆಗೆ ಇಟ್ಟರೆ ಸಾಕಿತ್ತು. ಡೀಫಾಲ್ಟ್ ಇದ್ದಿದ್ದರೆ ಅದೂ 2032ರವರೆಗೆ ಕೂರುತ್ತಿತ್ತು. ಹಾಗಾಗಿ ಹೊಸ ಬಕೆಟ್‌ನಲ್ಲಿ ಡೀಫಾಲ್ಟ್ ಹಾಕಲೇ ಇಲ್ಲ. ಒಂದೊಂದು ಫೈಲಿಗೂ ತಾರೀಖು ನಾವೇ ಕೊಡುತ್ತೇವೆ. ಇದರಲ್ಲಿ ಒಂದು ಅಪಾಯ ಇದೆ. ತಾರೀಖು ಕೊಡಲು ಮರೆತರೆ ಫೈಲು ಬೀಗ ಇಲ್ಲದೇ ಕೂರುತ್ತದೆ. ಅದಕ್ಕೇ ಕೈಯಿಂದ ಯಾರೂ ಹಾಕುವುದಿಲ್ಲ, ಸ್ಕ್ರಿಪ್ಟ್ ಮಾತ್ರ ಹಾಕುತ್ತದೆ.

ತಿಂಗಳ ಬಿಲ್ಲು, ವೋಚರ್ ಎಲ್ಲ ಸೇರಿಸಿ ಒಂದು ಜಿಪ್ ಮಾಡುತ್ತೇವೆ. ಅಕೌಂಟೆಂಟ್ ಮೇಡಂ ತಿಂಗಳು ಮುಗಿಸಿದ ದಿನವೇ ಅದು ಹೋಗುತ್ತದೆ. ಹಳೆಯವನ್ನು ಹೀಗೆ ಹಾಕಿದೆವು:

```
aws s3api put-object --bucket lekka-patra-lock \
  --key 2022-23/2022-04.zip --body 2022-04.zip \
  --checksum-algorithm SHA256 \
  --object-lock-mode COMPLIANCE \
  --object-lock-retain-until-date 2031-03-31T18:30:00Z
```

ಗಂಟೆ ನೋಡಿ. ಅಲ್ಲಿ ಸಮಯ ಯುಟಿಸಿಯಲ್ಲಿದೆ. 18:30 ಅಂದರೆ ನಮ್ಮಲ್ಲಿ ಏಪ್ರಿಲ್ 1 ಶುರುವಾಗುವ ಗಳಿಗೆ. ಐದೂವರೆ ಗಂಟೆ ಆಚೀಚೆ ಆದರೆ ಆಕಾಶವೇನೂ ಬೀಳುವುದಿಲ್ಲ, ಆದರೆ ಆಡಿಟರ್ ಅಂಥದ್ದನ್ನೇ ಹುಡುಕುತ್ತಾರೆ.

ಒಂದು ವರ್ಷ ಜಾಸ್ತಿ ಹಾಕೋಣ, ಸೇಫ್ ಆಗಿರುತ್ತೆ ಅಂತ ನಮ್ಮ ಮಾಲೀಕರು ಹೇಳಿದರು. ನಾನು ಒಪ್ಪಲಿಲ್ಲ. ಕಡಿಮೆ ಹಾಕಿದರೆ ಆಮೇಲೆ `put-object-retention` ಕೊಟ್ಟು ಮುಂದೂಡಬಹುದು. ಜಾಸ್ತಿ ಹಾಕಿದ್ದನ್ನು ಹಿಂದೆ ತರಲಾಗದು. ಇದೇ ಕಾರಣಕ್ಕೆ ಬಕೆಟ್ ಪಾಲಿಸಿಯಲ್ಲಿ ಒಂದು ತಡೆಯನ್ನೂ ಹಾಕಿದೆ. 2031 ಅನ್ನೋ ಜಾಗದಲ್ಲಿ ಯಾರಾದರೂ 2103 ಅಂತ ಟೈಪ್ ಮಾಡಿದರೆ ಎಸ್3 ಕೇಳದೆ ಒಪ್ಪಿಕೊಳ್ಳುತ್ತದೆ. ಅದರ ಮಿತಿ ನೂರು ವರ್ಷ! ಹಾಗಾಗಿ `s3:PutObjectRetention` ಕೆಲಸಕ್ಕೆ ಈ ಷರತ್ತಿನ `Deny` ಇದೆ, ಸುಮಾರು ಒಂಬತ್ತು ವರ್ಷದಾಚೆಗೆ ಬೀಗ ಬೀಳದಂತೆ:

```
"Condition": {"NumericGreaterThan":
  {"s3:object-lock-remaining-retention-days": "3300"}}
```

ಏನೇನು ಒಳಗೆ ಹೋಗಬಾರದು ಅನ್ನೋ ಪಟ್ಟಿಯನ್ನೂ ಆಗಲೇ ಮಾಡಿದೆವು. ಕೆಲಸಕ್ಕೆ ಸೇರುವವರ ಆಧಾರ್ ಪ್ರತಿ, ಫೋಟೋ ಇಂಥವು ಲೆಕ್ಕದ ಫೋಲ್ಡರ್‌ನಲ್ಲೇ ಬಿದ್ದಿದ್ದವು. ಅವು ಬೀಗದೊಳಗೆ ಹೋದರೆ, ನಾಳೆ ಅಳಿಸಿ ಅಂತ ಯಾರಾದರೂ ಕೇಳಿದರೆ ನಾವು ಕೈ ಚೆಲ್ಲಿ ಕೂರಬೇಕಾಗುತ್ತದೆ. ಇವನ್ನು ಬೇರೆ ಮಾಡಲು ಎರಡು ವಾರ ಹಿಡಿಯಿತು. ಇಡೀ ಕೆಲಸದಲ್ಲಿ ಜಾಸ್ತಿ ಹೊತ್ತು ತಿಂದಿದ್ದು ಇದೇ.

ಎನ್‌ಕ್ರಿಪ್ಷನ್‌ಗೆ ಎಸ್3 ತಾನೇ ನೋಡಿಕೊಳ್ಳುವ ಕೀಲಿ ಸಾಕು ಅಂತ ಬಿಟ್ಟೆ. ಎಡಬ್ಲ್ಯುಎಸ್‌ನ ಕೀಲಿ ಕಾಯುವ ಸೇವೆ ಕೆಎಂಎಸ್‌ನಲ್ಲಿ ನಮ್ಮದೇ ಕೀಲಿ ಇಟ್ಟರೆ, ಆ ಕೀಲಿಯನ್ನು ಯಾರಾದರೂ ಅಳಿಸಿದರೆ ಫೈಲು ಇದ್ದ ಜಾಗದಲ್ಲೇ ಇರುತ್ತದೆ, ಓದಲಾಗದು. ಆಬ್ಜೆಕ್ಟ್ ಲಾಕ್ ಕಾಯುವುದು ಫೈಲನ್ನು, ಕೀಲಿಯನ್ನಲ್ಲ.

ಮುಂದಿನ ಬೇಸಿಗೆಯಲ್ಲಿ ಒಂದು ಗಾಬರಿ. ಹೊಸದಾಗಿ ಸೇರಿದ ಹುಡುಗನಿಗೆ ಕನ್ಸೋಲ್ ತೋರಿಸಿದ್ದೆ. ಅವನು ಏನೋ ಒತ್ತಿ, "ಸರ್, 2022-23 ಫೋಲ್ಡರೇ ಹೋಯ್ತು" ಅಂತ ಓಡಿ ಬಂದ. ಮುಖ ಬಿಳಿಚಿತ್ತು. ನೋಡಿದರೆ ನಿಜಕ್ಕೂ ಖಾಲಿ. ಬೀಗ ಹಾಕಿದ್ದೂ ಸುಳ್ಳೇ ಅಂತ ಒಂದು ಕ್ಷಣ ಅನ್ನಿಸಿತು. ಆದರೆ ವರ್ಷನ್ ನಂಬರ್ ಕೊಡದೆ ಅಳಿಸಿದರೆ ಎಸ್3 ಏನನ್ನೂ ಅಳಿಸುವುದಿಲ್ಲ. ಮೇಲೊಂದು ಡಿಲೀಟ್ ಮಾರ್ಕರ್ ಇಡುತ್ತದೆ, ಫೈಲಿನ ಮುಂದೆ ಪರದೆ ಎಳೆದ ಹಾಗೆ. ಬೀಗ ಇದನ್ನು ತಡೆಯುವುದಿಲ್ಲ. `Show versions` ಒತ್ತಿ ಆ ಮಾರ್ಕರ್‌ಗಳನ್ನು ಅಳಿಸಿದೆವು, ಹನ್ನೆರಡೂ ಜಿಪ್ ಮತ್ತೆ ಕಂಡವು. ಅವತ್ತಿನಿಂದ ಸ್ಕ್ರಿಪ್ಟ್ ಬಳಸುವ ಯೂಸರ್‌ಗೂ ಆ ಹುಡುಗನಿಗೂ `s3:DeleteObject` ಅನುಮತಿ ಇಲ್ಲ.

ಇನ್ನೊಂದು ಸಂಗತಿ ಲೀಗಲ್ ಹೋಲ್ಡ್. ಒಂದು ವರ್ಷದ ಜಿಎಸ್‌ಟಿ ವಿಷಯ ಅಪೀಲ್‌ನಲ್ಲಿದ್ದರೆ, ಅದು ಇತ್ಯರ್ಥವಾಗಿ ಒಂದು ವರ್ಷದವರೆಗೆ ಆ ದಾಖಲೆ ಇರಬೇಕು. ಯಾವಾಗ ಮುಗಿಯುತ್ತದೆ ಅಂತ ಯಾರಿಗೆ ಗೊತ್ತು? ಲೀಗಲ್ ಹೋಲ್ಡ್‌ಗೆ ತಾರೀಖೇ ಇಲ್ಲ, ಹಾಕುವುದು ತೆಗೆಯುವುದು ಅಷ್ಟೇ. ಬೀಗದ ಅವಧಿ ಮುಗಿದರೂ ಹೋಲ್ಡ್ ಇದ್ದರೆ ಫೈಲು ಉಳಿಯುತ್ತದೆ. ಆದರೆ ಅನುಮತಿ ಇದ್ದವರು ಯಾವಾಗ ಬೇಕಾದರೂ ತೆಗೆಯಬಹುದು. ಹಾಗಾಗಿ ಯಾವ ಫೈಲಿಗೆ, ಯಾವ ಕೇಸಿಗೆ, ಯಾರು ಹೇಳಿದ್ದಕ್ಕೆ ಹಾಕಿದ್ದು ಅಂತ ಒಂದು ರಿಜಿಸ್ಟರ್ ಪುಸ್ತಕ ಇಟ್ಟಿದ್ದೇವೆ. ಕಾಗದದ್ದೇ, ಆಡಿಟರ್ ಸಹಿ ಹಾಕುತ್ತಾರೆ.

ಇಷ್ಟೆಲ್ಲ ಆದ ಮೇಲೂ ಒಂದು ಕಂಡಿ ಉಳಿದಿತ್ತು. ಕಂಪ್ಲಯನ್ಸ್ ಬೀಗ ಇರುವ ಫೈಲನ್ನೂ ಕಳೆದುಕೊಳ್ಳುವ ಒಂದು ದಾರಿ ಇದೆ, ಎಡಬ್ಲ್ಯುಎಸ್ ಅಕೌಂಟನ್ನೇ ಮುಚ್ಚುವುದು. ನಮ್ಮ ಅಕೌಂಟು ತೆರೆದಿದ್ದು ನನ್ನ ಸ್ವಂತ ಇಮೇಲ್‌ನಲ್ಲಿ, ಕಾರ್ಡ್ ಕೂಡ ನನ್ನದೇ. ನಾನು ಕೆಲಸ ಬಿಟ್ಟರೆ, ಕಾರ್ಡ್ ಅವಧಿ ಮುಗಿದರೆ, ಬಿಲ್ ಕಟ್ಟದೆ ಅಕೌಂಟ್ ಮುಚ್ಚಿಹೋಗಬಹುದು. ಈಗ ರೂಟ್ ಇಮೇಲ್ ಕಂಪನಿಯದ್ದು, ಕಾರ್ಡ್ ಮಾಲೀಕರದ್ದು. ಎಲ್ಲ ಜಿಪ್‌ಗಳ ಎರಡನೇ ಪ್ರತಿ ಬೇರೊಂದು ಅಕೌಂಟಿನಲ್ಲಿ ಹೈದರಾಬಾದ್ ರೀಜನ್‌ನಲ್ಲಿದೆ, ಅದೇ ತಾರೀಖಿನ ಬೀಗದೊಂದಿಗೆ.

ಪ್ರತಿ ಏಪ್ರಿಲ್‌ನಲ್ಲಿ ಆಡಿಟರ್ ಬಂದು ಪಕ್ಕದಲ್ಲಿ ಕೂರುತ್ತಾರೆ. ಅವರೇ ಒಂದು ಜಿಪ್ ಆರಿಸುತ್ತಾರೆ. ನಾನು ಅದನ್ನು ಇಳಿಸಿ, ಫೈಲಿನ ಬೆರಳಚ್ಚಿನಂಥ ಸಂಖ್ಯೆ ಕೊಡುವ `sha256sum` ಓಡಿಸುತ್ತೇನೆ, ಹಾಕಿದ ದಿನ ರಿಜಿಸ್ಟರ್‌ನಲ್ಲಿ ಬರೆದ ಸಂಖ್ಯೆಗೆ ತಾಳೆ ನೋಡುತ್ತೇವೆ. ಆಮೇಲೆ ರೂಟ್‌ನಿಂದ ಒಳಹೋಗಿ, ವರ್ಷನ್ ನಂಬರ್ ಕೊಟ್ಟು ಅದೇ ಫೈಲನ್ನು ಅಳಿಸಲು ನೋಡುತ್ತೇನೆ. `AccessDenied` ಬಂದ ಸ್ಕ್ರೀನನ್ನು ಅವರು ಪ್ರಿಂಟ್ ತೆಗೆಸಿ ತಮ್ಮ ಫೈಲಿಗೆ ಹಾಕಿಕೊಳ್ಳುತ್ತಾರೆ. ನನ್ನ ಆ ಮೊದಲ ಬಕೆಟ್, 41 ವರ್ಷನ್ ಇರುವುದು, ಈಗಲೂ ಪಟ್ಟಿಯಲ್ಲಿ ಕಾಣುತ್ತದೆ. ಅದು ಯಾಕೆ ಇದೆ ಅಂತ ಅವರು ಪ್ರತಿ ವರ್ಷ ಕೇಳುತ್ತಾರೆ. 2031ರ ಡಿಸೆಂಬರ್‌ವರೆಗೆ ಕೇಳಲಿಕ್ಕಿದ್ದಾರೆ.