ಎಲ್ಲ ಬ್ಯಾಂಕೂ ಒಂದೇ ಥರ ಕಾಣುವುದೇಕೆ? ಉಳಿಸುವ ಗುರುತು, ಮುರಿಯುವ ಗುರುತು ಕಂಡುಹಿಡಿಯುವುದು ಹೀಗೆ

ಬ್ಯಾಂಕಿನಲ್ಲಿ ಚಲನ್ ಬರೆಯುವ ಟೇಬಲ್ ಮೇಲೆ ದಾರ ಕಟ್ಟಿದ ಪೆನ್ನು ಇರುತ್ತದೆ. ದಾರ ಗಿಡ್ಡ. ಪೆನ್ನಿಗೆ ಕ್ಯಾಪ್ ಇರಲ್ಲ. ಎಡಗೈಯಲ್ಲಿ ಬರೆಯುವವರಿಗಂತೂ ಅದು ಸರಿಯಾಗಿ ಎಟುಕುವುದೇ ಇಲ್ಲ. ಅದೇ ಟೇಬಲ್ಲಿನ ಹಿಂದಿನ ಗೋಡೆಯಲ್ಲಿ ನಂಬಿಕೆಯ ಬಗ್ಗೆ ದೊಡ್ಡ ಪೋಸ್ಟರ್. ಲಕ್ಷಗಟ್ಟಲೆ ದುಡ್ಡು ನಮ್ಮ ಹತ್ತಿರ ಇಡಿ ಅಂತ ಗೋಡೆ ಹೇಳುತ್ತದೆ, ಹತ್ತು ರೂಪಾಯಿಯ ಪೆನ್ನನ್ನು ನೀವು ಒಯ್ದುಬಿಡುತ್ತೀರಿ ಅಂತ ಟೇಬಲ್ ಹೇಳುತ್ತದೆ. ಎರಡೂ ಸಂಕೇತಗಳೇ. ಒಂದನ್ನು ಯೋಚಿಸಿ, ಖರ್ಚು ಮಾಡಿ ಮಾಡಿಸಿದ್ದಾರೆ. ಇನ್ನೊಂದು ಯಾರೂ ಯೋಚಿಸದೆ ಉಳಿದುಕೊಂಡಿದೆ.

ಒಂದೇ ವ್ಯಾಪಾರದಲ್ಲಿರುವ ಎಲ್ಲರೂ ಹೀಗೆ ಮತ್ತೆ ಮತ್ತೆ ಬಳಸುವ ಗುರುತುಗಳಿಗೆ ಕೋಡ್ ಅನ್ನುತ್ತಾರೆ. ಇವುಗಳನ್ನು ಓದುವ ವಿದ್ಯೆ ಸಂಕೇತ ವಿಜ್ಞಾನ, ಅಂದರೆ ಸೆಮಿಯಾಟಿಕ್ಸ್. ಹೊಸ ಬ್ರ್ಯಾಂಡ್ ಕಟ್ಟುವವರಿಗೆ ಸಾಮಾನ್ಯವಾಗಿ ಸಿಗುವ ಸಲಹೆ 'ಎಲ್ಲರಿಗಿಂತ ಬೇರೆ ಕಾಣಿ' ಎನ್ನುವುದು. ಈ ಸಲಹೆ ಅರ್ಧ ಮಾತ್ರ ಸರಿ. ಎಲ್ಲರೂ ಬಳಸುತ್ತಾರೆ ಅನ್ನುವ ಒಂದೇ ಕಾರಣಕ್ಕೆ ಯಾವ ಗುರುತನ್ನೂ ಮುರಿಯಬಾರದು. ಅದು ಏನು ಕೆಲಸ ಮಾಡುತ್ತಿದೆ ಅಂತ ಮೊದಲು ನೋಡಬೇಕು. ಬಸವನಗುಡಿ ಕಡೆಯ ಒಂದು ಚಿಕ್ಕ ಸಹಕಾರಿ ಬ್ಯಾಂಕಿನ ಎಫ್‌ಡಿ ಪೋಸ್ಟರ್ ಬದಲಿಸುವ ಕೆಲಸ ನನಗೆ ಬಂದಿತ್ತು. ಆಗ ನಾನು ಮಾಡಿದ್ದನ್ನೇ ಹಂತ ಹಂತವಾಗಿ ಹೇಳುತ್ತೇನೆ.

ಹೆಸರು ಮುಚ್ಚಿ ನೋಡಿ

ಎಂಟು ಬ್ಯಾಂಕುಗಳನ್ನು ಆರಿಸಿಕೊಳ್ಳಿ. ಸರ್ಕಾರಿ, ಖಾಸಗಿ, ಸಹಕಾರಿ ಮೂರೂ ಇರಲಿ, ಒಂದೆರಡು ಆ್ಯಪ್ ಕಂಪನಿಗಳೂ ಇರಲಿ. ಎಲ್ಲರಿಂದಲೂ ಒಂದೇ ಬಗೆಯ ವಸ್ತು ತೆಗೆದುಕೊಳ್ಳಬೇಕು. ಎಫ್‌ಡಿ ಪೋಸ್ಟರ್ ಅಂದರೆ ಎಂಟೂ ಎಫ್‌ಡಿ ಪೋಸ್ಟರ್‌ಗಳೇ. ಒಬ್ಬರ ಬೋರ್ಡು, ಇನ್ನೊಬ್ಬರ ಟಿವಿ ಜಾಹೀರಾತು ಅಂತ ಬೆರೆಸಿದರೆ ಹೋಲಿಕೆಗೆ ಅರ್ಥವಿರಲ್ಲ. ಜೊತೆಗೆ ಶಾಖೆಯೊಳಗೂ ಹೋಗಿ ಕಂಡದ್ದನ್ನು ಬರೆದುಕೊಳ್ಳಿ: ಕೌಂಟರಿನ ಗಾಜು, ಟೋಕನ್ ಯಂತ್ರ, ಕುರ್ಚಿಗಳ ಸಾಲು, ಪೆನ್ನು. ಒಳಗೆ ಫೋಟೊ ತೆಗೆಯಬೇಕಿದ್ದರೆ ಮ್ಯಾನೇಜರ್ ಅನುಮತಿ ಕೇಳಿ.

ಪ್ರಿಂಟುಗಳನ್ನು ನೆಲದ ಮೇಲೆ ಹರಡಿ, ಬ್ಯಾಂಕಿನ ಹೆಸರು, ಲೋಗೋ ಇರುವ ಕಡೆಗೆಲ್ಲ ಚೀಟಿ ಅಂಟಿಸಿ. ಈಗ ಯಾವುದು ಯಾರದ್ದು ಅಂತ ಹೇಳಲು ಆಗದಿದ್ದರೆ, ಹಾಗಾಗಲು ಕಾರಣವಾದದ್ದೇ ಕೋಡ್. ಎಂಟರಲ್ಲಿ ಐದು ಕಡೆ ಬಂದದ್ದನ್ನು ನಾನು ಕೋಡ್ ಅಂತ ಲೆಕ್ಕಕ್ಕೆ ತೆಗೆದುಕೊಳ್ಳುತ್ತೇನೆ. ಇದು ಕೆಲಸಕ್ಕಾಗಿ ಇಟ್ಟುಕೊಂಡ ಅಳತೆ ಅಷ್ಟೇ, ನಿಯಮ ಅಲ್ಲ.

ಪಟ್ಟಿ ಮಾಡುವಾಗ ಒಂದು ಶಿಸ್ತು ಬೇಕು. ಕಣ್ಣಿಗೆ ಕಂಡದ್ದನ್ನು ಮಾತ್ರ ಬರೆಯಿರಿ. 'ಸುಖೀ ಕುಟುಂಬ' ಅಂತ ಬರೆದರೆ ನೀವಾಗಲೇ ಅರ್ಥ ಹಚ್ಚಿಬಿಟ್ಟಿರಿ. 'ಗಂಡ, ಹೆಂಡತಿ, ಒಬ್ಬ ಹುಡುಗ, ಒಬ್ಬಳು ಹುಡುಗಿ, ತಿಳಿ ಬಣ್ಣದ ಸೋಫಾ, ಹಿಂದೆ ಬಿಳಿ ಗೋಡೆ, ಎಲ್ಲರ ಹಲ್ಲೂ ಕಾಣುತ್ತಿದೆ' ಅಂತ ಬರೆಯಿರಿ. ಹೀಗೆ ಬರೆದಾಗಲೇ ಪೋಸ್ಟರಿನಲ್ಲಿ ಏನಿಲ್ಲ ಅನ್ನುವುದೂ ಕಾಣತೊಡಗುತ್ತದೆ. ನನ್ನ ಎಂಟು ಪೋಸ್ಟರಿನಲ್ಲಿ ಒಂಟಿಯಾಗಿ ಬದುಕುವವರು ಒಬ್ಬರೂ ಇರಲಿಲ್ಲ. ಬಾಡಿಗೆ ಮನೆ ಇರಲಿಲ್ಲ. ದುಡ್ಡು ಎಣಿಸುತ್ತಿರುವ ಕೈ ಇರಲಿಲ್ಲ. ಈ ಬ್ಯಾಂಕಿನ ಗ್ರಾಹಕರಲ್ಲಿ ಇವರೆಲ್ಲ ಇದ್ದರು.

ಬಣ್ಣಕ್ಕೆ ಮೊದಲು ಕೈಹಾಕಬೇಡಿ

ನೀಲಿ ಅಂದರೆ ನಂಬಿಕೆ, ಅದಕ್ಕೇ ಬ್ಯಾಂಕುಗಳು ನೀಲಿ ಅಂತ ತುಂಬ ಜನ ಹೇಳುತ್ತಾರೆ. ಬಣ್ಣಕ್ಕೆ ಹಾಗೆ ಹುಟ್ಟಿನಿಂದ ಬಂದ ಅರ್ಥ ಇಲ್ಲ. ಒಂದು ಗುರುತಿಗೆ ಅರ್ಥ ಬರುವುದು ಪಕ್ಕದ ಗುರುತಿಗಿಂತ ಅದು ಹೇಗೆ ಬೇರೆ ಅನ್ನುವುದರಿಂದ. ಸ್ವಿಟ್ಜರ್ಲೆಂಡಿನ ಭಾಷಾತಜ್ಞ ಫರ್ಡಿನಾಂಡ್ ಡಿ ಸೊಸೂರ್ ಇದನ್ನು ಪಾಠ ಮಾಡಿದ್ದರು, ಅವರು ತೀರಿಕೊಂಡ ಮೇಲೆ 1916ರಲ್ಲಿ ಆ ಪಾಠಗಳು ಅಚ್ಚಾದವು. ನಮ್ಮ ಬೀದಿಯನ್ನೇ ನೋಡಿ. ಸ್ಟೇಟ್ ಬ್ಯಾಂಕ್ ನೀಲಿ, ಕೆನರಾ ಬ್ಯಾಂಕ್ ನೀಲಿ ಹಳದಿ, ಬ್ಯಾಂಕ್ ಆಫ್ ಬರೋಡಾ ಕಿತ್ತಳೆ, ಕೋಟಕ್ ಕೆಂಪು, ಆಕ್ಸಿಸ್ ಕಡುಗೆಂಪು, ಫೋನ್‌ಪೇ ನೇರಳೆ. ಬಣ್ಣದ ಜಾಗಗಳೆಲ್ಲ ತುಂಬಿಹೋಗಿವೆ. ಅಲ್ಲಿ ಬದಲಾವಣೆ ಮಾಡಿದರೆ ಬೋರ್ಡಿನ ಖರ್ಚು ಜಾಸ್ತಿ, ಹೊಸ ಅರ್ಥ ಹುಟ್ಟುವುದು ಕಡಿಮೆ.

ಅದಕ್ಕಿಂತ ಉಪಯೋಗದ ಕೆಲಸ ಪಟ್ಟಿಯಲ್ಲಿರುವುದನ್ನು ಮೂರು ಗುಂಪು ಮಾಡುವುದು. ಬ್ರಿಟನ್ನಿನ ರೇಮಂಡ್ ವಿಲಿಯಮ್ಸ್ 1977ರಲ್ಲಿ ಸಂಸ್ಕೃತಿಯ ಬಗ್ಗೆ ಮಾಡಿದ ವಿಂಗಡಣೆ ಇದು, ಮಾರುಕಟ್ಟೆಯವರು ಆಮೇಲೆ ಎರವಲು ಪಡೆದರು. ಹಿಂದಿನಿಂದ ಉಳಿದು ಬಂದದ್ದು, ಈಗ ಚಲಾವಣೆಯಲ್ಲಿರುವುದು, ಈಗಷ್ಟೇ ಮೊಳಕೆ ಒಡೆಯುತ್ತಿರುವುದು. ಬ್ಯಾಂಕಿನಲ್ಲಿ ಕಬ್ಬಿಣದ ಗ್ರಿಲ್ಲು, ದುಂಡು ಸೀಲು, ಪಾಸ್‌ಬುಕ್ ಮೊದಲ ಗುಂಪು. ಸೋಫಾ ಮೇಲಿನ ಕುಟುಂಬ, ಮನೆಯ ಕೀ, ಪಕ್ಕದಲ್ಲಿ ನಕ್ಷತ್ರ ಚಿಹ್ನೆ ಇರುವ ದೊಡ್ಡ ಶೇಕಡಾ ಅಂಕಿ ಎರಡನೇದು. ಸ್ನೇಹಿತನ ಥರ ಮಾತಾಡುವ ಮೆಸೇಜು, ಉದ್ದುದ್ದ ನಿಲ್ಲಿಸಿದ ಕಾರ್ಡು ಮೂರನೇದು.

ಹಳೆಯದು ಅಂದರೆ ಬಿಸಾಡಬೇಕಾದದ್ದು, ಹೊಸದು ಅಂದರೆ ಒಳ್ಳೆಯದು ಅಂತ ಇಲ್ಲಿ ತಿಳಿಯಬಾರದು. ಹೊಸ ಹಣಕಾಸು ಆ್ಯಪುಗಳನ್ನು ಪಕ್ಕಪಕ್ಕ ಇಟ್ಟು ಹೆಸರು ಮುಚ್ಚಿ ನೋಡಿ, ಅವೂ ಈಗ ಒಂದನ್ನೊಂದು ಹೋಲುತ್ತವೆ.

ಒಂದನ್ನೇ ಬದಲಿಸಿ

ಇಡೀ ಕೆಲಸದ ಜೀವ ಇರುವುದು ಇಲ್ಲಿ. ಇದಕ್ಕೆ ಬದಲಿ ಪರೀಕ್ಷೆ ಅನ್ನೋಣ, ಮೂಲ ಡೆನ್ಮಾರ್ಕಿನ ಭಾಷಾತಜ್ಞ ಲೂಯಿ ಯೆಲ್ಮ್‌ಸ್ಲೆವ್ ಅವರದ್ದು. 'ಕಲ್ಲು' ಅನ್ನುವಲ್ಲಿ 'ಕ' ತೆಗೆದು 'ಹ' ಇಟ್ಟರೆ ಹಲ್ಲು ಆಗುತ್ತದೆ, ಅರ್ಥವೇ ಬೇರೆ. ಅದೇ 'ಕಲ್ಲು' ಪದವನ್ನು ಧಾರವಾಡದವರು ಹೇಳಲಿ, ಮಂಗಳೂರಿನವರು ಹೇಳಲಿ, ರಾಗ ಬೇರೆಯಾದರೂ ಅದು ಕಲ್ಲೇ. ಬದಲಿಸಿದಾಗ ಅರ್ಥ ಕದಲಿದರೆ ಆ ಗುರುತು ಕೆಲಸ ಮಾಡುತ್ತಿದೆ. ಕದಲದಿದ್ದರೆ ಅದು ಸುಮ್ನೆ ಕೂತಿದೆ.

ನಾವು ಹಳೆಯ ಪೋಸ್ಟರನ್ನೇ ಇಟ್ಟುಕೊಂಡು ನಾಲ್ಕು ಪ್ರತಿ ಮಾಡಿದೆವು. ಪ್ರತಿಯೊಂದರಲ್ಲೂ ಒಂದೇ ಒಂದು ಬದಲಾವಣೆ. ಒಬ್ಬೊಬ್ಬರಿಗೆ ಒಂದೊಂದೇ ಪ್ರತಿ ತೋರಿಸಿ ಮೂರೇ ಪ್ರಶ್ನೆ ಕೇಳಿದೆವು: ಇದು ಏನು? ಇದು ಯಾರಿಗೆ? ಇಲ್ಲಿ ದುಡ್ಡು ಇಡುತ್ತೀರಾ? 'ಇಷ್ಟ ಆಯ್ತಾ?' ಅಂತ ಕೇಳಲೇ ಇಲ್ಲ. ಇಷ್ಟದ ಪ್ರಶ್ನೆ ಕೇಳಿದರೆ ಜನ ಪೋಸ್ಟರಿನ ಅಂದದ ಬಗ್ಗೆ ಮಾತಾಡುತ್ತಾರೆ, ಅದರ ಅರ್ಥ ಹೇಳುವುದಿಲ್ಲ.

ಮೊದಲ ಪ್ರತಿಯಲ್ಲಿ ಮನೆಯ ಕೀ ತೆಗೆದೆವು. ಯಾರೂ ಗಮನಿಸಲಿಲ್ಲ, ಉತ್ತರಗಳು ಹಾಗೇ ಇದ್ದವು. ಎರಡನೇದರಲ್ಲಿ ಕುಟುಂಬದ ಜಾಗದಲ್ಲಿ ಅರವತ್ತು ದಾಟಿದ ಒಬ್ಬ ಹೆಂಗಸು, ಗಾಂಧಿ ಬಜಾರಿನ ಹೂವಿನ ಅಂಗಡಿ ಮುಂದೆ ಕೂತವರು. 'ಇದು ಏನು' ಅನ್ನುವುದಕ್ಕೆ ಉತ್ತರ ಎಫ್‌ಡಿ ಅಂತಲೇ ಉಳಿಯಿತು, 'ಯಾರಿಗೆ' ಅನ್ನುವುದು ಮಾತ್ರ ಬದಲಾಯಿತು. 'ನಮ್ಮಂಥೋರಿಗೆ' ಅಂದರು ಕೆಲವರು. ಆದರೆ ಇಬ್ಬರು ಅದನ್ನು ಸರ್ಕಾರದ ಸಾಲ ಯೋಜನೆ ಅಂದುಕೊಂಡರು, ಯಾಕೆಂದರೆ ಬೀದಿ ವ್ಯಾಪಾರಿಯ ಚಿತ್ರ ಅವರು ಹೆಚ್ಚಾಗಿ ನೋಡಿರುವುದು ಅಲ್ಲೇ. ಒಂದು ಕೋಡ್ ಮುರಿಯಲು ಹೋಗಿ ಇನ್ನೊಂದು ಕೋಡಿನ ಒಳಗೆ ಬೀಳುವುದು ಅಂದರೆ ಇದೇ. ಹೂವಿನ ಬುಟ್ಟಿ ತೆಗೆದು, ಕೈಯಲ್ಲಿ ಪಾಸ್‌ಬುಕ್ ಕೊಟ್ಟ ಮೇಲೆ ಆ ಗೊಂದಲ ಹೋಯಿತು.

ಮೂರನೇ ಪ್ರತಿಯಲ್ಲಿ ಶೇ 7 ಅನ್ನುವ ದೊಡ್ಡ ಅಂಕಿ ಮತ್ತು ನಕ್ಷತ್ರ ತೆಗೆದು ರೂಪಾಯಿ ಬರೆದೆವು. 1 ಲಕ್ಷ ಇಟ್ಟರೆ, ಮೂರು ತಿಂಗಳಿಗೊಮ್ಮೆ ಬಡ್ಡಿ ಅಸಲಿಗೆ ಸೇರುತ್ತ ಹೋದರೆ, ವರ್ಷದ ಕೊನೆಗೆ 1,07,186 ರೂಪಾಯಿ. ಅದರ ಕೆಳಗೆ ಅಷ್ಟೇ ದಪ್ಪ ಅಕ್ಷರದಲ್ಲಿ, ವರ್ಷ ತುಂಬುವ ಮೊದಲೇ ತೆಗೆದರೆ ಬಡ್ಡಿ ಕಡಿಮೆ, ತೆರಿಗೆ ಬೇರೆ ಅನ್ನುವ ಸಾಲು. ಜನ ನಿಂತು ಓದಿದರು. ಒಬ್ಬರು ಬೆರಳಿಟ್ಟು 7,186 ಅಂತ ಕಳೆದು ನೋಡಿ, 'ತಿಂಗಳಿಗೆ ಹತ್ತಿರ ಹತ್ತಿರ ಆರುನೂರು' ಅಂದರು. ಶೇಕಡಾ ಅಂಕಿ ನೋಡಿ ಯಾರೂ ಅಂಥ ಲೆಕ್ಕ ಹಾಕಿರಲಿಲ್ಲ. ನಕ್ಷತ್ರ ಚಿಹ್ನೆ ಎಲ್ಲ ಬ್ಯಾಂಕಿನಲ್ಲೂ ಇದೆ, ಅದರ ಅರ್ಥ 'ಏನೋ ಮುಚ್ಚಿಟ್ಟಿದ್ದಾರೆ' ಅಂತ ಜನ ಕಲಿತುಬಿಟ್ಟಿದ್ದಾರೆ. ಮುರಿಯಲು ಇದಕ್ಕಿಂತ ಒಳ್ಳೆಯ ಗುರುತು ನನಗೆ ಆ ಪಟ್ಟಿಯಲ್ಲಿ ಸಿಗಲಿಲ್ಲ.

ನಾಲ್ಕನೇದರಲ್ಲಿ ಕೆಳಗಿನ ಠೇವಣಿ ವಿಮೆಯ ಸಾಲು ತೆಗೆದೆವು. ಒಬ್ಬ ಠೇವಣಿದಾರರಿಗೆ ಒಂದು ಬ್ಯಾಂಕಿನಲ್ಲಿ ಅಸಲು ಬಡ್ಡಿ ಸೇರಿ 5 ಲಕ್ಷದವರೆಗೆ ರಕ್ಷಣೆ ಅನ್ನುವ ಸಾಲು ಅದು. ತುಂಬ ನೀರಸವಾಗಿ ಕಾಣುತ್ತದೆ, ವಿನ್ಯಾಸ ಮಾಡುವವರು ಮೊದಲು ಕಿತ್ತುಹಾಕಲು ನೋಡುವುದೂ ಅದನ್ನೇ. ತೆಗೆದ ಕೂಡಲೇ ಮೂರನೇ ಪ್ರಶ್ನೆಗೆ ಜನ ತಡವರಿಸಿದರು. 'ಇದು ಬ್ಯಾಂಕಾ, ಚೀಟಿಯಾ?' ಅಂತ ಕೇಳಿದವರಿದ್ದರು. ದೊಡ್ಡ ಬ್ಯಾಂಕಿಗೆ ಈ ಸಾಲು ಬರೀ ನಿಯಮ ಇರಬಹುದು, ಚಿಕ್ಕ ಸಹಕಾರಿ ಬ್ಯಾಂಕಿಗೆ ಅದೇ ಆಧಾರದ ಕಂಬ. ಅದನ್ನು ಸಣ್ಣಕ್ಷರದಿಂದ ಮೇಲೆತ್ತಿ ಹೆಸರಿನ ಪಕ್ಕ ತಂದೆವು.

ತೀರ್ಮಾನ, ಮತ್ತು ಎಲ್ಲಿ ಕೆಡುತ್ತದೆ

ಕೆಲವು ಗುರುತುಗಳು ನಿಮ್ಮ ಕೈಯಲ್ಲಿ ಇಲ್ಲವೇ ಇಲ್ಲ. 'ಬ್ಯಾಂಕ್' ಅನ್ನುವ ಪದವನ್ನು ಯಾರು ಬಳಸಬಹುದು ಅನ್ನುವುದು 1949ರ ಬ್ಯಾಂಕಿಂಗ್ ಕಾಯ್ದೆಯಲ್ಲೇ ಇದೆ. ಅಂಗಡಿ ಫಲಕದಲ್ಲಿ ಶೇ 60 ಕನ್ನಡ ಇರಬೇಕು ಅನ್ನುವುದು ನಮ್ಮ ರಾಜ್ಯದ ನಿಯಮ. ಇವನ್ನು ಮೊದಲೇ ಬದಿಗಿಟ್ಟು, ಉಳಿದವುಗಳಲ್ಲಿ ಒಂದು ಅಥವಾ ಎರಡನ್ನು ಮಾತ್ರ ಮುರಿಯಿರಿ. ಚಿತ್ರ, ಬಣ್ಣ, ಭಾಷೆ ಎಲ್ಲ ಒಟ್ಟಿಗೆ ಬದಲಿಸಿದರೆ ಜನರಿಗೆ ಅದು ಬ್ಯಾಂಕ್ ಅಂತಲೇ ತಿಳಿಯಲ್ಲ. ಆಗ ಪೋಸ್ಟರ್ ಮುಂದೆ ನಿಂತವರು 'ಇದು ಏನು' ಅನ್ನುವ ಮೊದಲ ಪ್ರಶ್ನೆಗೇ ಇನ್ಶೂರೆನ್ಸಾ, ಆಸ್ಪತ್ರೆಯಾ ಅಂತ ಊಹಿಸತೊಡಗುತ್ತಾರೆ. ಹಾಗೆ ಕೇಳಿಸಿದರೆ ಒಂದು ಹೆಜ್ಜೆ ಹಿಂದೆ ಬನ್ನಿ.

ಈ ಓದಿಗೆ ಒಂದು ಮಿತಿ ಇದೆ. ಗುರುತು ಏನು ಹೇಳುತ್ತಿದೆ ಅಂತ ಇದು ತಿಳಿಸುತ್ತದೆ, ಎಷ್ಟು ಠೇವಣಿ ಬರುತ್ತದೆ ಅಂತ ತಿಳಿಸುವುದಿಲ್ಲ. ಅದಕ್ಕೆ ಒಂದು ಶಾಖೆಯಲ್ಲಿ ಹೊಸದು, ಅಂಥದೇ ಇನ್ನೊಂದು ಶಾಖೆಯಲ್ಲಿ ಹಳೆಯದು ಹಾಕಿ ಎಣಿಸಲೇಬೇಕು. ಕೇಳುವ ಹತ್ತು ಹನ್ನೆರಡು ಜನ ನಿಮ್ಮ ಪರಿಚಯದವರೇ ಆಗಿದ್ದರೆ ಓದು ನಿಮ್ಮ ಮನೆಯ ಓದಾಗುತ್ತದೆ, ಹಾಗಾಗಿ ಕೌಂಟರಿನ ಸಾಲಿನಲ್ಲಿ ನಿಂತವರನ್ನೇ ಕೇಳಿ.

ನಾವು ಕೊನೆಗೆ ನಕ್ಷತ್ರವನ್ನೂ ಸೋಫಾ ಕುಟುಂಬವನ್ನೂ ಬಿಟ್ಟೆವು. ನೀಲಿ, ದುಂಡು ಸೀಲು, ಪಾಸ್‌ಬುಕ್ ಉಳಿಸಿಕೊಂಡೆವು. ಪೋಸ್ಟರ್ ಗೋಡೆಗೇರಿದ ದಿನ ಮ್ಯಾನೇಜರ್ ಮೇಡಂ ಸ್ವಲ್ಪ ಹೊತ್ತು ಅದನ್ನೇ ನೋಡುತ್ತ ನಿಂತಿದ್ದರು. ಆಮೇಲೆ ಕ್ಯಾಶ್ ಕೌಂಟರಿಂದ ಕತ್ತರಿ ತರಿಸಿ, ಚಲನ್ ಟೇಬಲ್ಲಿನ ದಾರ ಕತ್ತರಿಸಿ, ಒಂದು ಸ್ಟೀಲ್ ಲೋಟದ ತುಂಬ ಪೆನ್ನು ತಂದಿಟ್ಟರು.