ಹಾಲು ಹೊಟ್ಟೆಗೆ ಆಗುತ್ತಿಲ್ಲವೇ? ಉಸಿರು ಪರೀಕ್ಷೆಗೆ ಹೀಗೆ ಸಿದ್ಧರಾಗಿ

ತೀರ್ಥಹಳ್ಳಿ ಕಡೆಯ ನಲವತ್ತು ದಾಟಿದ ಒಬ್ಬ ಅಡಿಕೆ ಬೆಳೆಗಾರರು ಎಂದಿಟ್ಟುಕೊಳ್ಳಿ. ಬೆಳಗಿನ ಕಾಫಿ ಸಲೀಸು. ರಾತ್ರಿ ದೊಡ್ಡ ಲೋಟ ಹಾಲು ಕುಡಿದರೆ ಮಾತ್ರ ಹೊಟ್ಟೆ ಉಬ್ಬರ, ಗುಡುಗುಡು, ಭೇದಿ. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಒಡೆಯುವ ಲ್ಯಾಕ್ಟೇಸ್ ಎಂಬ ಕಿಣ್ವ ಬಾಲ್ಯ ಕಳೆದ ಮೇಲೆ ಬಹಳ ಜನರಲ್ಲಿ ಕಡಿಮೆಯಾಗುತ್ತದೆ. ಕೆಲವರಿಗೆ ಜೀನಿನ ಸಣ್ಣ ಬದಲಾವಣೆಯಿಂದ ಅದು ಕೊನೆತನಕ ಉಳಿಯುತ್ತದೆ. ಅಂಥವರು ದೇಶದ ವಾಯವ್ಯದಲ್ಲಿ ಜಾಸ್ತಿ, ದಕ್ಷಿಣದಲ್ಲಿ ಕಡಿಮೆ. ಹಾಗಾಗಿ ಇದನ್ನು ರೋಗ ಅನ್ನುವುದೇ ಸರಿಯಲ್ಲ.

ಒಡೆಯದ ಸಕ್ಕರೆ ದೊಡ್ಡ ಕರುಳಿಗೆ ಹೋದಾಗ ಅಲ್ಲಿನ ಬ್ಯಾಕ್ಟೀರಿಯಾ ಅದನ್ನು ಹುದುಗಿಸಿ ಹೈಡ್ರೋಜನ್ ಬಿಡುತ್ತವೆ. ಅದು ರಕ್ತ ಸೇರಿ ಉಸಿರಿನಲ್ಲಿ ಹೊರಬರುತ್ತದೆ. ಪರೀಕ್ಷೆ ಅಳೆಯುವುದು ಇದನ್ನೇ.

ಪರೀಕ್ಷೆ ಕೆಡುವುದು ಹೆಚ್ಚಾಗಿ ಹಿಂದಿನ ದಿನದ ಊಟದಿಂದ. ಕಾಳು, ಬಾಳೆದಿಂಡಿನ ಪಲ್ಯ, ಕಳಲೆ, ಹಲಸು, ಹಾಲು, ಮೊಸರು, ತಂಬುಳಿ ಬೇಡ. ಬಿಳಿ ಅನ್ನ, ಮೊಟ್ಟೆ ಅಥವಾ ಸಪ್ಪೆ ಕೋಳಿಸಾರು ಸಾಕು. ನಂತರ ರಾತ್ರಿಯಿಡೀ ಉಪವಾಸ, ನೀರು ಕುಡಿಯಬಹುದು. ನಾಲ್ಕು ವಾರದೊಳಗೆ ಆ್ಯಂಟಿಬಯೋಟಿಕ್ ತೆಗೆದುಕೊಂಡಿದ್ದರೆ ಮೊದಲೇ ಹೇಳಿ, ದಿನ ಮುಂದೂಡುತ್ತಾರೆ. ಬೀಡಿ, ಸಿಗರೇಟು ಮುಟ್ಟಬೇಡಿ. ಬೆಳಿಗ್ಗೆ ಎಲೆ-ಅಡಿಕೆಯೂ ಬೇಡ. ಮಲೆನಾಡಿನವರಿಗೆ ಇದೇ ಕಷ್ಟ ಅಲ್ವಾ!

ಪರೀಕ್ಷೆಯ ಜಾಗದಲ್ಲಿ ಬಾಯಿ ಮುಕ್ಕಳಿಸಿ, ಮೊದಲ ಉಸಿರು ಕೊಡಬೇಕು. ಆಮೇಲೆ ಸಾಮಾನ್ಯವಾಗಿ 25 ಗ್ರಾಂ ಲ್ಯಾಕ್ಟೋಸ್ ಬೆರೆಸಿದ ನೀರು ಕುಡಿಸುತ್ತಾರೆ. ಅದು ಅರ್ಧ ಲೀಟರ್ ಹಾಲಿನಲ್ಲಿರುವಷ್ಟು. ನಂತರ ಸುಮಾರು ಅರ್ಧ ಗಂಟೆಗೊಮ್ಮೆ, ಮೂರು ಗಂಟೆ ತನಕ ಊದಬೇಕು. ಮಧ್ಯೆ ತಿನ್ನುವಂತಿಲ್ಲ, ಜೋರಾಗಿ ನಡೆದಾಡುವಂತಿಲ್ಲ, ನಿದ್ದೆ ಮಾಡುವಂತಿಲ್ಲ. ಹೊಟ್ಟೆಯಲ್ಲಿ ಏನಾದರೂ ಅನಿಸಿದರೆ ಗಂಟೆ ನೋಡಿ ಬರೆದಿಡಿ.

ನಮ್ಮ ಬೆಳೆಗಾರರ ಅಂಕಿ ಹೀಗೆ ಬಂತು ಅಂದುಕೊಳ್ಳಿ: ಶುರುವಿನಲ್ಲಿ 4 ಪಿಪಿಎಂ, ಅಂದರೆ ಉಸಿರಿನ ಹತ್ತು ಲಕ್ಷ ಭಾಗದಲ್ಲಿ 4 ಭಾಗ ಹೈಡ್ರೋಜನ್, ಒಂದು ಗಂಟೆಗೆ 6, ಎರಡು ಗಂಟೆಗೆ 31. ಮೊದಲಿಗಿಂತ 20 ಅಥವಾ ಜಾಸ್ತಿ ಏರಿದರೆ ಲ್ಯಾಕ್ಟೋಸ್ ಪೂರ್ತಿ ಜೀರ್ಣವಾಗಿಲ್ಲ ಎಂದರ್ಥ. ಇಲ್ಲಿ 27 ಏರಿದೆ, ಉಬ್ಬರವೂ ಅದೇ ಹೊತ್ತಿಗೆ ಬಂದಿದೆ. ಅಂಕಿ ಏರಿಯೂ ಹೊಟ್ಟೆ ಸುಮ್ನಿದ್ದರೆ ಹಾಲು ಬಿಡಬೇಕಿಲ್ಲ. ಶುರುವಿನ ಅಂಕಿಯೇ ಜಾಸ್ತಿ ಇದ್ದರೆ ಹಿಂದಿನ ದಿನದ ಊಟವನ್ನು ಅನುಮಾನಿಸಬೇಕು. ಹೊಟ್ಟೆನೋವು ಬಂದೂ ಅಂಕಿ ಏರದಿದ್ದರೆ ಮೀಥೇನನ್ನೂ ಅಳೆಸಬೇಕು, ಕೆಲವರ ಕರುಳಿನಲ್ಲಿ ಹೈಡ್ರೋಜನ್ ಅದಾಗಿ ಬದಲಾಗುತ್ತದೆ. ಮಲದಲ್ಲಿ ರಕ್ತ ಕಂಡರೆ ಅಥವಾ ತೂಕ ಇಳಿದರೆ ಹಾಲನ್ನು ದೂರಬೇಡಿ, ವೈದ್ಯರನ್ನು ಕಾಣಿ.

ಇನ್ನು ಊಟ. ಕೆಲವು ವಾರ ಹಾಲು ಕಡಿಮೆ ಮಾಡಿ, ಆರಾಮಾದ ಮೇಲೆ ಸ್ವಲ್ಪಸ್ವಲ್ಪವೇ ಸೇರಿಸಿ. ಒಂದು ಲೋಟ, ಅಂದರೆ 250 ಮಿಲಿ ಹಾಲಿನಲ್ಲಿ ಸುಮಾರು 12 ಗ್ರಾಂ ಲ್ಯಾಕ್ಟೋಸ್ ಇರುತ್ತದೆ. ಅದನ್ನು ಊಟದ ಜೊತೆ, ಎರಡು ಮೂರು ಸಲಕ್ಕೆ ಹಂಚಿದರೆ ಬಹಳ ಜನರಿಗೆ ತೊಂದರೆಯಾಗುವುದಿಲ್ಲ. ಕಾಫಿ ಒಗ್ಗುವುದು ಇದಕ್ಕೇ, ಅದಕ್ಕೆ ಬೀಳುವ ಹಾಲು ಎಷ್ಟು ಮಹಾ! ಮೊಸರು ಹಾಲಿಗಿಂತ ಸುಲಭ, ಅದರ ಬ್ಯಾಕ್ಟೀರಿಯಾವೇ ಒಂದಷ್ಟು ಸಕ್ಕರೆ ಒಡೆಯುತ್ತವೆ. ನೀರು ಮಜ್ಜಿಗೆ ಇನ್ನೂ ಹಗುರ. ತುಪ್ಪದಲ್ಲಿ ಲ್ಯಾಕ್ಟೋಸ್ ಇಲ್ಲ ಅನ್ನುವಷ್ಟು ಕಡಿಮೆ. ಖೋವಾ ಪೇಡದಲ್ಲಿ ಮಾತ್ರ ಬತ್ತಿಸಿದ ಹಾಲಿನ ಸಕ್ಕರೆಯೆಲ್ಲ ಉಳಿದಿರುತ್ತದೆ, ಹುಷಾರು. ಹಾಲು ತೀರಾ ಕಡಿಮೆಯಾದರೆ ಸುಣ್ಣದಂಶಕ್ಕೆ ರಾಗಿಯನ್ನು ಊಟಕ್ಕೆ ಸೇರಿಸಿಕೊಳ್ಳಿ.